ಮಾರ್ಚಿನ ಒಣ ಅಂಗಳಕ್ಕೆ ಅಕ್ಟೋಬರ್ ಹಸಿರು ತಂದ ಕಥೆ

ಸಕಲೇಶಪುರದ ಕಡೆ ಒಂದು ಹಳೇ ಹೆಂಚಿನ ಮನೆ ಇದೆ, ಈಗ ಹೋಂಸ್ಟೇ ಮಾಡಿದ್ದಾರೆ. ಮಾರ್ಚ್ 8ರಂದು ಬೆಳಿಗ್ಗೆ ಒಂಬತ್ತೂವರೆಗೆ ಅದರ ಫೋಟೊ ತೆಗೆದೆ. ಮನೆ ಚೆಂದವಾಗಿ ಬಂತು. ಅಂಗಳ ಮಾತ್ರ ಒಣಗಿ ಹಪ್ಪಳ. ಗರಿಕೆ ಹುಲ್ಲೆಲ್ಲ ಬೆಳ್ಳಗಾಗಿತ್ತು, ಅಲ್ಲಲ್ಲಿ ಕೆಂಪು ಮಣ್ಣು ಕಾಣ್ತಿತ್ತು, ಎಡಗಡೆ ಮೂಲೆಯ ದೇವಕಣಗಿಲೆ ಒಂದೂ ಎಲೆ ಇಲ್ಲದೆ ಬೋಳಾಗಿ ನಿಂತಿತ್ತು. ಮನೆಯ ಯಜಮಾನರು ಫೋಟೊ ನೋಡಿ, "ಹಸಿರು ಮಾಡ್ಕೊಡಿ ಸಾರ್, ಆದ್ರೆ ಮನೆ ಒಂದು ಚೂರೂ ಬದಲಾಗ್ಬಾರ್ದು, ಗೋಡೆ ಮೇಲಿನ ಕಲೆ ಸಮೇತ ಹಾಗೇ ಇರ್ಲಿ" ಅಂದರು. ಬಂದವರು ಆಮೇಲೆ ಜಗಳಕ್ಕೆ ನಿಲ್ಲಬಾರದು ಅಂತ ಅವರ ಭಯ. ನ್ಯಾಯವೇ. ನಾನೂ ಒಂದು ಮಾತು ಹೇಳಿದೆ: ಫೋಟೊ ಕೆಳಗೆ "ಅಕ್ಟೋಬರ್‌ನಲ್ಲಿ ಅಂಗಳ ಹೀಗಿರುತ್ತೆ" ಅಂತ ಹಾಕಬೇಕು. ಒಪ್ಪಿದರು.

ಅಕ್ಟೋಬರ್ ಯಾಕೆ ಅಂದರೆ, ಮನೆ ಮುಟ್ಟಬಾರದು ಅಂದಮೇಲೆ ಅದರ ಮೇಲೆ ಬಿದ್ದಿರುವ ಬಿಸಿಲನ್ನೂ ಮುಟ್ಟುವ ಹಾಗಿಲ್ಲ. ಜುಲೈ ಹಸಿರು ಹಾಕಿದರೆ ಹೆಂಚು ಒದ್ದೆಯಾಗಿ ಕಪ್ಪಾಗಿರಬೇಕು, ಬೆಳಕು ಮೋಡದ್ದಾಗಿರಬೇಕು. ಇಲ್ಲಿ ಹೆಂಚು ಒಣ ಕೆಂಪು, ಗೋಡೆ ಮೇಲೆ ಚುರುಕು ಬಿಸಿಲು. ಹಸಿರೂ ಇದ್ದು ಹೀಗೆ ಬಿಸಿಲೂ ಬೀಳುವುದು ಮಳೆ ಹಿಂದೆ ಸರಿದ ಮೇಲೆಯೇ. ಇನ್ನೊಂದು ಅನುಕೂಲವೂ ಇತ್ತು, ಇದು ನನಗೆ ಆಮೇಲೆ ಹೊಳೆದದ್ದು. ಮಾರ್ಚ್ 21ರ ಹೊತ್ತಿಗೆ ಹಗಲು ರಾತ್ರಿ ಸಮ, ಸೆಪ್ಟೆಂಬರ್ 23ರ ಹೊತ್ತಿಗೂ ಸಮ. ಮಾರ್ಚ್ 8 ಅಂದರೆ ಅದಕ್ಕೆ ಹದಿಮೂರು ದಿನ ಮುಂಚೆ. ಆ ಕಡೆ ಹದಿಮೂರು ದಿನ ಆದಮೇಲೆ ಅಂದರೆ ಅಕ್ಟೋಬರ್ 6. ಈ ಎರಡೂ ದಿನ ಸೂರ್ಯ ಆಕಾಶದಲ್ಲಿ ಹೆಚ್ಚುಕಮ್ಮಿ ಒಂದೇ ದಾರಿಯಲ್ಲಿ ಹೋಗುತ್ತಾನೆ. ಗಡಿಯಾರದ ಲೆಕ್ಕದಲ್ಲಿ ಮಾತ್ರ ಅಕ್ಟೋಬರ್‌ನಲ್ಲಿ ಇಪ್ಪತ್ತು ನಿಮಿಷದಷ್ಟು ಮುಂಚೆ ಅದೇ ಜಾಗಕ್ಕೆ ಬಂದಿರುತ್ತಾನೆ. ಯಜಮಾನರ ಫೋನಲ್ಲಿ ಹುಡುಕಿದರೆ ಹೋದ ಅಕ್ಟೋಬರ್ ಮೊದಲ ವಾರದ್ದು, ಬೆಳಿಗ್ಗೆ ಒಂಬತ್ತರ ಸುಮಾರಿಗೆ ತೆಗೆದ ನಾಲ್ಕೈದು ಫೋಟೊ ಸಿಕ್ಕವು. ಅದೇ ಅಂಗಳ, ಅದೇ ಹುಲ್ಲು, ನೆರಳು ಬೀಳುವ ದಿಕ್ಕೂ ಅದೇ. ಇದಕ್ಕಿಂತ ಇನ್ನೇನು ಬೇಕು? ನೆಟ್‌ನಲ್ಲಿ ಸಿಗುವ ಯಾವುದೋ ದೇಶದ ಲಾನ್ ತಂದು ಅಂಟಿಸುವ ಕೆಲಸ ಅಲ್ಲಿಗೇ ತಪ್ಪಿತು.

ನಾನು ಬಳಸುವುದು GIMP ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್. ಮೊದಲು ಸೋಮಾರಿ ದಾರಿ ಹಿಡಿದೆ. Hue-Saturation ತೆಗೆದು ಹಳದಿಯನ್ನು ಮಾತ್ರ ಆರಿಸಿ ಹಸಿರಿನ ಕಡೆ ತಳ್ಳಿದೆ. ಹುಲ್ಲು ಹಸಿರಾಯಿತು ನಿಜ, ಜೊತೆಗೆ ಗೋಡೆಯೂ ಆಯಿತು! ಕೆನೆ ಬಣ್ಣದ ಗೋಡೆ, ಸಾಗುವಾನಿ ಬಾಗಿಲು, ಒಣ ಹುಲ್ಲು, ಬಣ್ಣದ ಚಕ್ರದಲ್ಲಿ ಮೂರರ ವರ್ಣವೂ 40 ಡಿಗ್ರಿ ಆಸುಪಾಸಿನಲ್ಲೇ ಇದ್ದದ್ದು. ಸಾಫ್ಟ್‌ವೇರ್‌ಗೆ ಅದು ಗೋಡೆ, ಇದು ಹುಲ್ಲು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಬಣ್ಣ ನೋಡಿ ಆರಿಸುವುದು ಈ ಕೆಲಸಕ್ಕೆ ನಡೆಯುವುದಿಲ್ಲ. ಮನೆಯ ಅಂಚನ್ನು ಕೈಯಲ್ಲೇ ಬಿಡಿಸಬೇಕು.

ಅಂಚಿನ ಗುಂಟ ಗೆರೆ ಎಳೆಯುವ Paths ಹಿಡಿದು ಕೂತೆ. ಗೋಡೆ, ಕಂಬ, ಮೆಟ್ಟಿಲು ಬೇಗ ಮುಗಿದವು. ಸೂರಿನ ಹೆಂಚಿನ ಸಾಲು ಮಾತ್ರ ಅಲೆ ಅಲೆಯಾಗಿ ಬರುತ್ತದಲ್ಲ, ಅದಕ್ಕೇ ಒಂದು ಗಂಟೆ ಮೇಲೆ ಹಿಡಿಯಿತು. ಜಗಲಿಯಲ್ಲಿ ತೂಗುಹಾಕಿದ ಕುಂಡಗಳು ಮನೆಯ ಲೆಕ್ಕವೋ ತೋಟದ ಲೆಕ್ಕವೋ ಅಂತ ಸ್ವಲ್ಪ ಯೋಚಿಸಿ ಮನೆಗೇ ಸೇರಿಸಿದೆ. ಹೀಗೆ ಆರಿಸಿದ್ದನ್ನು ಚಾನೆಲ್ ಆಗಿ ಉಳಿಸಿಕೊಂಡೆ. ಅಂಚನ್ನು ಒಂದು ಪಿಕ್ಸೆಲ್‌ನಷ್ಟು ಮಾತ್ರ ಮೆತ್ತಗೆ ಮಾಡಿದೆ, ಅದಕ್ಕಿಂತ ಜಾಸ್ತಿ ಆದರೆ ಮನೆ ಸುತ್ತ ಹಳದಿ ಗೆರೆ ಉಳಿದುಬಿಡುತ್ತದೆ. ಆಮೇಲೆ ಮನೆಯನ್ನು ಬೇರೆ ಲೇಯರ್ ಮಾಡಿ ಎಲ್ಲಕ್ಕಿಂತ ಮೇಲೆ ಇಟ್ಟು ಅದಕ್ಕೆ ಬೀಗ ಹಾಕಿದೆ. ಇನ್ನು ಕೆಳಗೆ ಏನೇ ಮಾಡಿದರೂ ಮನೆಗೆ ತಾಗಬಾರದು.

ಇನ್ನು ಹುಲ್ಲು. ಎಲ್ಲರೂ ಎಡವುವ ಜಾಗ ಇದು, ನಾನೂ ಎಡವಿದೆ. ವರ್ಣ ಮಾತ್ರ ಬದಲಿಸಿದರೆ ಹುಲ್ಲು ಕ್ರಿಕೆಟ್ ಜಾಹೀರಾತಿನ ಗ್ರಾಫಿಕ್ಸ್ ಥರ ಹೊಳೆಯುತ್ತದೆ. ಯಾಕೆ ಅಂತ ತಿಳಿಯಲು ಎರಡೂ ಫೋಟೊದಿಂದ ಬಣ್ಣ ಅಳೆದು ನೋಡಿದೆ. ಒಣ ಹುಲ್ಲಿನ ಕೆಂಪು, ಹಸಿರು, ನೀಲಿ ಸರಾಸರಿ 190, 165, 115 ಇತ್ತು. ಅಕ್ಟೋಬರ್ ಹುಲ್ಲು 95, 120, 45. ವರ್ಣ 40ರಿಂದ 80ಕ್ಕೆ ಹೋಗಿದೆ, ಸರಿ. ಗಾಢತೆ ಸ್ವಲ್ಪವೇ ಏರಿದೆ. ಆದರೆ ಬೆಳಕು ನೋಡಿ, ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ! ಹಸಿ ಎಲೆ ಕೆಂಪು ಮತ್ತು ನೀಲಿ ಬೆಳಕನ್ನು ನುಂಗಿಕೊಳ್ಳುತ್ತದೆ, ಒಣ ಹುಲ್ಲು ಬಹುಪಾಲು ವಾಪಸ್ ಎಸೆಯುತ್ತದೆ. ಅಂದರೆ ಹಸಿರು ಹುಲ್ಲು ಒಣ ಹುಲ್ಲಿಗಿಂತ ಕಪ್ಪು. ನಮ್ಮ ತಲೆಯಲ್ಲಿ ಇದು ಉಲ್ಟಾ ಕೂತಿರುತ್ತದೆ, ಹಸಿರು ಅಂದರೆ ಹೊಳಪು ಅಂತ.

ಹಾಗಾಗಿ ಕ್ರಮ ಬದಲಿಸಿದೆ. ಮೊದಲು Curves ತೆಗೆದು ಹುಲ್ಲನ್ನು ಕತ್ತಲು ಮಾಡಿದೆ, ನಡುವಿನ ಬೆಳಕನ್ನು ಚೆನ್ನಾಗಿ ಕೆಳಗೆ ಎಳೆದು, ಅತಿ ಬೆಳ್ಳಗಿನ ತುದಿಯನ್ನೂ ಇಳಿಸಿದೆ. ನೋಡಲು ಒದ್ದೆ ಗೋಣಿಚೀಲದ ಥರ ಆಯಿತು, ಹೆದರಬೇಡಿ. ಅದರ ಮೇಲೆ ವರ್ಣವನ್ನು 40 ಡಿಗ್ರಿ ತಿರುಗಿಸಿದರೆ ತಟ್ಟನೆ ಹುಲ್ಲಾಯಿತು. ಗಾಢತೆಯನ್ನು ತೀರಾ ಕೊನೆಗೆ, ಸ್ವಲ್ಪವೇ ಏರಿಸಿದೆ. ಆದರೂ ಕಾರ್ಪೆಟ್ ಥರ ಕಾಣ್ತಿತ್ತು, ಯಾಕಂದರೆ ನಿಜವಾದ ಅಂಗಳದಲ್ಲಿ ಹಸಿರು ಒಂದೇ ಥರ ಇರುವುದಿಲ್ಲ. ಬಿಸಿಲು ಎಲೆ ದಾಟಿ ಬರುವ ಕಡೆ ಹಳದಿ ಕಲೆತಿರುತ್ತದೆ, ನೆರಳಲ್ಲಿ ತುಸು ನೀಲಿ. ಅದಕ್ಕೆ ವರ್ಣ 70, 80, 92 ಅಂತ ಮೂರು ಲೇಯರ್ ಮಾಡಿ, ದೊಡ್ಡ ಮೆತ್ತನೆ ಬ್ರಷ್‌ನಿಂದ ಯಾವ ಲೇಯರ್ ಎಲ್ಲಿ ಕಾಣಬೇಕು ಅಂತ ತೀರ್ಮಾನಿಸುವ ಮಾಸ್ಕ್ ಮೇಲೆ ಅಲ್ಲಲ್ಲಿ ತೇಪೆ ತೇಪೆಯಾಗಿ ಬಳಿದೆ.

ಬಣ್ಣದಿಂದ ಹುಲ್ಲು ಬೆಳೆಯುವುದಿಲ್ಲ ಅನ್ನೋದು ಮಣ್ಣು ಕಾಣುವ ಕಡೆ ಬಂದಾಗ ಗೊತ್ತಾಗುತ್ತದೆ. ಹಸಿರು ಮಣ್ಣಾಗುತ್ತದೆ ಅಷ್ಟೇ. ಅಲ್ಲಿಗೆ ಅಕ್ಟೋಬರ್ ಫೋಟೊದಿಂದ ಹುಲ್ಲಿನ ತುಂಡು ತಂದು ಹಾಕಿದೆ. ಕ್ಯಾಮೆರಾ ಹತ್ತಿರದ ಹುಲ್ಲನ್ನು ಹತ್ತಿರಕ್ಕೇ, ದೂರದ್ದನ್ನು ದೂರಕ್ಕೇ ಹಾಕಬೇಕು, ಇಲ್ಲದಿದ್ದರೆ ಹೊಸಿಲ ಪಕ್ಕ ಕಬ್ಬಿನ ಗದ್ದೆ ಎದ್ದಂತೆ ಕಾಣುತ್ತದೆ. ಫೋನು ಎಲೆಯ ಅಂಚನ್ನು ವಿಪರೀತ ಚೂಪು ಮಾಡಿರುತ್ತದೆ, ಹಾಗಾಗಿ ಆ ತುಂಡುಗಳನ್ನು ಒಂಚೂರು ಮಸುಕು ಮಾಡಿದೆ. ಎಲ್ಲ ಮುಗಿಸಿ ದೂರದಿಂದ ನೋಡಿದರೆ ಒಂದೇ ಹಲಸಿನ ಹಣ್ಣೆಲೆ ಮೂರು ಕಡೆ ಬಿದ್ದಿದೆ, ಒಂದೇ ಕೋನದಲ್ಲಿ. ಎರಡನ್ನು ಅಳಿಸಿದೆ.

ಹುಲ್ಲು ಗೋಡೆಯ ಬುಡಕ್ಕೆ ತಾಗುವಲ್ಲಿ ಏನು ಮಾಡುವುದು ಅನ್ನೋದು ದೊಡ್ಡ ತಲೆನೋವಾಗುತ್ತದೆ ಅಂದುಕೊಂಡಿದ್ದೆ. ಸೊಂಪಾಗಿ ಬೆಳೆದ ಹುಲ್ಲು ಬುಡದ ಕಲ್ಲನ್ನು ಎರಡು ಮೂರು ಇಂಚು ಮುಚ್ಚಲೇಬೇಕು, ಆದರೆ ಮನೆ ಮುಟ್ಟುವ ಹಾಗಿಲ್ಲ. ಕಾಪಾಡಿದ್ದು ಸೂರು. ಹೆಂಚಿನ ನೀರು ಸುರಿಯುವ ಸಾಲಿನಲ್ಲಿ ಹುಲ್ಲು ನಿಲ್ಲುವುದಿಲ್ಲ, ಮಣ್ಣು ಕೊಚ್ಚಿಹೋಗಿ ಜಲ್ಲಿ ಎದ್ದಿರುತ್ತದೆ. ಅಕ್ಟೋಬರ್ ಫೋಟೊದಲ್ಲೂ ಆ ಪಟ್ಟಿ ಬೋಳಾಗೇ ಇತ್ತು. ಅದನ್ನು ಹಾಗೇ ಬಿಟ್ಟು, ಮಣ್ಣನ್ನು ಸ್ವಲ್ಪ ಕಪ್ಪು ಮಾಡಿ, ಹುಲ್ಲನ್ನು ಅದರ ಈಚೆ ನಿಲ್ಲಿಸಿದೆ. ಗೋಡೆಗೂ ಹುಲ್ಲಿಗೂ ಜಗಳವೇ ಇಲ್ಲ.

ನಿಜವಾಗಿ ಸೋಲಿಸಿದ್ದು ದೇವಕಣಗಿಲೆ. ಅಕ್ಟೋಬರ್‌ನಲ್ಲಿ ಅದು ಎಲೆ ತುಂಬಿಕೊಂಡಿರುತ್ತದೆ, ಫೋನ್ ಫೋಟೊದಲ್ಲಿ ಹಾಗೇ ಇತ್ತು. ಎಲೆ ಗೊಂಚಲು ಒಂದೊಂದಾಗಿ ಕೊಂಬೆ ತುದಿಗೆ ಕೂರಿಸಿದೆ, ಎರಡು ಸಂಜೆ ಹೋಯಿತು, ನನಗೇ ಖುಷಿಯಾಗುವಷ್ಟು ಚೆನ್ನಾಗಿ ಬಂತು. ಹೆಂಡತಿಗೆ ತೋರಿಸಿದೆ. "ಮರದ ತುಂಬ ಎಲೆ ಇದೆ, ಗೋಡೆ ಮೇಲೆ ನೆರಳು ಮಾತ್ರ ಬರೀ ಕಡ್ಡಿ ಯಾಕೆ?" ಅಂದಳು. ನಾನು ಎದ್ದುಹೋಗಿ ಕಾಫಿ ಮಾಡಿಕೊಂಡೆ.

ಹೌದು, ಮನೆಯ ಮುಂಗೋಡೆ ಮೇಲೆ ಆ ಬೋಳು ಕೊಂಬೆಗಳ ನೆರಳು ಸ್ಪಷ್ಟವಾಗಿ ಬಿದ್ದಿತ್ತು. ನೆರಳು ಇರುವುದು ಗೋಡೆ ಮೇಲೆ, ಗೋಡೆ ಮುಟ್ಟಬಾರದು. ಎಲೆಯ ನೆರಳು ಬಿಡಿಸಿದರೆ ಮಾತು ತಪ್ಪಿದ ಹಾಗೆ. ನೆರಳು ತಾನೇ, ಕಟ್ಟಡ ಅಲ್ಲವಲ್ಲ ಅಂತ ವಾದ ಮಾಡಬಹುದು. ಆದರೆ ಅದರಡಿ ಗೋಡೆಯ ಸಣ್ಣ ಬಿರುಕು, ಕಲೆ ಎಲ್ಲ ಮುಚ್ಚಿಹೋಗುತ್ತಿದ್ದವು, ಯಜಮಾನರು ಬೇಡ ಅಂದಿದ್ದೇ ಅದನ್ನ. ಗೋಡೆ ಕಡೆಯ ಕೊಂಬೆ ಬೋಳು ಬಿಟ್ಟು, ನೆರಳು ನೆಲಕ್ಕೆ ಬೀಳುವ ಕೊಂಬೆಗೆ ಮಾತ್ರ ಎಲೆ ಇಟ್ಟು ನೋಡಿದೆ. ರೋಗ ಬಂದ ಗಿಡದ ಥರ ಕಂಡಿತು. ಕೊನೆಗೆ ಫೋಟೊದ ಎಡ ಅಂಚನ್ನು ಕತ್ತರಿಸಿ ಗಿಡವನ್ನೇ ಚೌಕಟ್ಟಿನಿಂದ ಆಚೆ ಕಳಿಸಿದೆ. ಗೋಡೆ ಮೇಲೆ ಕಡ್ಡಿ ನೆರಳು ಉಳಿಯಿತು, ಆದರೆ ಅದು ಯಾವುದರ ನೆರಳು ಅಂತ ಫೋಟೊದಲ್ಲಿ ಕಾಣುವುದಿಲ್ಲವಲ್ಲ. ಎರಡು ಸಂಜೆಯ ಎಲೆಗಳು ಹೋದವು. ಮೊದಲೇ ನೆರಳು ನೋಡಿದ್ದರೆ ಉಳಿಯುತ್ತಿತ್ತು. ಈಗ ಇಂಥ ಕೆಲಸ ಬಂದರೆ ಮೊದಲು ಗೋಡೆ ಮೇಲಿನ ನೆರಳು ನೋಡಿ ಆಮೇಲೆ ರೇಟು ಹೇಳುತ್ತೇನೆ.

ಹಿಂದಿನ ಹಲಸು, ದಾಸವಾಳ ಬೇಸಿಗೆಯಲ್ಲೂ ಎಲೆ ಉದುರಿಸಿರಲಿಲ್ಲ, ಧೂಳು ಕೂತಿತ್ತು ಅಷ್ಟೇ. ಅವನ್ನು ಸ್ವಲ್ಪ ಕಪ್ಪು ಮಾಡಿದರೆ ಸಾಕಾಯಿತು.

ಮನೆ ಬದಲಾಗಿಲ್ಲ ಅಂತ ಬಾಯಲ್ಲಿ ಹೇಳಿದರೆ ಸಾಲದು, ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಮೂಲ ಫೋಟೊವನ್ನೂ ಅಷ್ಟೇ ಕತ್ತರಿಸಿ ಎಲ್ಲದರ ಮೇಲೆ ಇಟ್ಟು ಲೇಯರ್ ಮೋಡನ್ನು Difference ಮಾಡಿದೆ. ಎರಡೂ ಒಂದೇ ಇರುವ ಕಡೆ ಅಪ್ಪಟ ಕಪ್ಪು, ಬದಲಾದ ಕಡೆ ಬಣ್ಣ ಕಾಣುತ್ತದೆ. ಮೇಲ್ನೋಟಕ್ಕೆ ಮನೆ ಪೂರ್ತಿ ಕಪ್ಪಾಗಿತ್ತು. ಸುಮ್ನೆ ಅನುಮಾನಕ್ಕೆ Levels ತೆಗೆದು ಬೆಳಕನ್ನು ಜೋರಾಗಿ ಏರಿಸಿದರೆ ಮೆಟ್ಟಿಲ ಪಕ್ಕ ಅಂಗೈಯಷ್ಟು ಜಾಗ ಮಂಕಾಗಿ ಮಿನುಗಿತು. ಮನೆಯ ಅಂಚು ಬಿಡಿಸುವಾಗ ಅಲ್ಲಿ ಗೆರೆ ಒಳಗೆ ಜಾರಿತ್ತು, ಮೆಟ್ಟಿಲ ಅಂಚು ಹಸಿರು ಕುಡಿದಿತ್ತು. ಬರೀ ಕಣ್ಣಿಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಈ ಪರೀಕ್ಷೆಯನ್ನು JPEG ಮಾಡುವ ಮುಂಚೆಯೇ ಮಾಡಬೇಕು, ಯಾಕಂದರೆ JPEG ಮಾಡಿದ ತಕ್ಷಣ ಎಲ್ಲ ಪಿಕ್ಸೆಲ್ಲೂ ಅಷ್ಟಿಷ್ಟು ಅಲುಗಾಡುತ್ತವೆ. ಉಳಿಸುವಾಗ Subsampling ಅನ್ನುವಲ್ಲಿ 4:4:4 ಇಟ್ಟೆ. ಬೇರೆ ಇಟ್ಟರೆ ಬಣ್ಣದ ವಿವರ ಕಡಿಮೆಯಾಗಿ ಹುಲ್ಲಿನ ಹಸಿರು ಕೆನೆ ಗೋಡೆಯ ಅಂಚಿಗೆ ಹರಡಬಹುದು.

ಒಂದನ್ನು ಮಾತ್ರ ಗೊತ್ತಿದ್ದೇ ಬಿಟ್ಟೆ. ಒಣ ಅಂಗಳದಿಂದ ಬೆಚ್ಚಗಿನ ಹಳದಿ ಬೆಳಕು ಗೋಡೆಯ ಕೆಳಭಾಗಕ್ಕೆ ಚಿಮ್ಮಿತ್ತು. ಹಸಿರು ಅಂಗಳ ಇದ್ದಿದ್ದರೆ ಅಲ್ಲಿ ಒಂಚೂರು ಹಸಿರು ಇರಬೇಕಿತ್ತು. ಸರಿ ಮಾಡಬೇಕಾದರೆ ಗೋಡೆ ಮುಟ್ಟಬೇಕು. ಬಿಟ್ಟೆ, ಇದುವರೆಗೂ ಯಾರೂ ಕೇಳಿಲ್ಲ.

ಫೋಟೊ ಕೊಡಲು ಹೋದಾಗ ಯಜಮಾನರು ಗೋಡೆಯ ಕಲೆ ಎಣಿಸುವವರ ಥರ ನೋಡಿ ಖುಷಿಪಟ್ಟರು. ಅವರ ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಚೆನ್ನಾಗದೆ ಕಣಪ್ಪ. ನಮ್ಮ ದೇವಕಣಗಿಲೆ ಏನ್ ಮಾಡ್ದೆ?"