ತಂಡ ಪ್ರವಾಸದ ತಲೆಲೆಕ್ಕವನ್ನು ನಾನು ನಿಗದಿಪಡಿಸುವ ಬಗೆ: ನನ್ನ ಅನುಭವ

ಮಾನ್ಯ ಆಡಳಿತ ವಿಭಾಗದ ಮುಖ್ಯಸ್ಥರಿಗೆ,

ನಿಮ್ಮ ಸಂಸ್ಥೆಯ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಎರಡು ದಿನ ಹೊರಗೆ ಕರೆದೊಯ್ಯುವ ಯೋಜನೆಗೆ ಅಂದಾಜು ವೆಚ್ಚ ಕೇಳಿದ್ದೀರಿ. ದರಪಟ್ಟಿ ಕಳಿಸುವ ಮೊದಲು, ಬಳ್ಳಾರಿಯ ಕಂಪನಿಗಳಿಗೆ ಇಂಥ ಪ್ರವಾಸಗಳನ್ನು ಏರ್ಪಡಿಸುವವನಾಗಿ ಒಂದು ವಿಷಯವನ್ನು ವಿವರವಾಗಿ ಬರೆಯಬೇಕೆನಿಸಿತು. ತಲೆಗೆ ಇಷ್ಟು ಎಂದು ಬರುವ ದರಕ್ಕಾಗಿ ಎಲ್ಲರೂ ಚೌಕಾಶಿ ಮಾಡುತ್ತಾರೆ. ಆದರೆ ಬಿಲ್ಲು ಏರುವುದೂ ಇಳಿಯುವುದೂ ಬಹುಮಟ್ಟಿಗೆ ತಲೆಗಳ ಲೆಕ್ಕದಿಂದ. ಆ ಲೆಕ್ಕ ಕೊಠಡಿಗೆ ಒಂದು, ಊಟಕ್ಕೆ ಒಂದು, ಬಸ್ಸಿಗೆ ಒಂದು ಎಂದು ಮೂರು ಬಗೆಯದಾಗಿದ್ದು, ಮೂರೂ ಬೇರೆ ಬೇರೆ ದಿನ ಗಟ್ಟಿಯಾಗುತ್ತವೆ.

ಹಿಂದೊಮ್ಮೆ ಬಳ್ಳಾರಿಯ ಒಂದು ಕಾರ್ಖಾನೆಯ ಸಿಬ್ಬಂದಿಯನ್ನು ಕೊಪ್ಪಳ ಜಿಲ್ಲೆಯ ಆನೆಗುಂದಿ ಭಾಗಕ್ಕೆ ಕರೆದೊಯ್ದ ಲೆಕ್ಕವನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಅವರ ಹಾಜರಿ ಪುಸ್ತಕದಲ್ಲಿ 140 ಹೆಸರುಗಳಿದ್ದವು. ನಾನು ಮೊದಲು ಕೇಳಿದ್ದು ಎಷ್ಟು ಜನ ಬರುತ್ತಾರೆ ಎಂದಲ್ಲ, ಆ ಎರಡು ದಿನ ಯಾರು ಬರಲು ಸಾಧ್ಯವೇ ಇಲ್ಲ ಎಂದು. ಪಾಳಿಯಲ್ಲಿರುವವರು, ಭದ್ರತೆಯವರು, ಕಂಟ್ರೋಲ್ ರೂಮಿನವರು ಸೇರಿ 22 ಜನ ಉಳಿಯಲೇಬೇಕಿತ್ತು. ಉಳಿದ 118 ಮಂದಿಯಲ್ಲಿ 104 ಜನ ಬರುವುದಾಗಿ ಅರ್ಜಿ ತುಂಬಿದರು. ಆ ಅರ್ಜಿಗಳನ್ನು ಆಯಾ ವಿಭಾಗದ ಮುಖ್ಯಸ್ಥರ ಮುಂದಿಟ್ಟು ಪಾಳಿ ಪಟ್ಟಿ, ರಜೆ ಪಟ್ಟಿಗಳೊಂದಿಗೆ ತಾಳೆ ನೋಡಿಸಿದಾಗ 98 ಉಳಿಯಿತು. ಈ ತಾಳೆಯಾಗುವವರೆಗೆ ನಾನು ಯಾವ ರೆಸಾರ್ಟಿಗೂ ಮುಂಗಡ ಕೊಡುವುದಿಲ್ಲ.

ಇಬ್ಬರಿಗೊಂದು ಕೊಠಡಿಯೆಂದರೆ 98 ಜನರಿಗೆ 49 ಕೊಠಡಿ ಸಾಕೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಅವರಲ್ಲಿ 73 ಪುರುಷರು ಮತ್ತು 25 ಮಹಿಳೆಯರಿದ್ದರು. ಹಿರಿಯ ಅಧಿಕಾರಿಗಳಾದ ಮೂವರು ಪುರುಷರಿಗೂ ಒಬ್ಬ ಮಹಿಳೆಗೂ ಸಂಸ್ಥೆಯ ನಿಯಮದಂತೆ ಪ್ರತ್ಯೇಕ ಕೊಠಡಿ ಕೊಡಬೇಕಿತ್ತು. ಉಳಿದ 70 ಪುರುಷರಿಗೆ 35, 24 ಮಹಿಳೆಯರಿಗೆ 12, ಅಧಿಕಾರಿಗಳಿಗೆ 4, ನನ್ನ ಕಡೆಯ ಇಬ್ಬರಿಗೆ 1 ಸೇರಿ 52 ಕೊಠಡಿಗಳಾದವು. ಆದುದರಿಂದ ನೀವು ಅಂದಾಜು ಕೇಳುವಾಗ ಒಟ್ಟು ಸಂಖ್ಯೆಯನ್ನಷ್ಟೇ ಅಲ್ಲದೆ, ಪುರುಷರೆಷ್ಟು, ಮಹಿಳೆಯರೆಷ್ಟು, ಒಂಟಿ ಕೊಠಡಿಗೆ ಅರ್ಹರೆಷ್ಟು ಎಂಬುದನ್ನೂ ತಿಳಿಸಬೇಕೆಂದು ವಿನಂತಿಸುತ್ತೇನೆ.

ರೆಸಾರ್ಟಿನವರು ಮೊದಲು ಕೊಟ್ಟ ಒಪ್ಪಂದದಲ್ಲಿ 52 ಕೊಠಡಿಗಳಿಗೂ, ಯಾರು ಬರಲಿ ಬಿಡಲಿ, ಪೂರ್ತಿ ಹಣವೆಂದು ಬರೆದಿತ್ತು. ನಾನು ಅದನ್ನು ಹಂತಗಳಾಗಿ ಒಡೆಸಿದೆ. 45 ದಿನ ಮೊದಲು ಸಹಿ ಮಾಡಿ ಕಾಲುಭಾಗ ಮುಂಗಡ ಕೊಡುವುದು, 15 ದಿನ ಮೊದಲಿನವರೆಗೆ ಐದು ಕೊಠಡಿಗಳನ್ನು ದಂಡವಿಲ್ಲದೆ ಬಿಟ್ಟುಕೊಡಬಹುದಾಗಿರುವುದು, ಅನಂತರ ಹೆಸರು ಬದಲಿಸಲು ಮಾತ್ರ ಅವಕಾಶವಿರುವುದು ಎಂದು ಒಪ್ಪಂದವಾಯಿತು. ಬಾಯಿಮಾತಿನ ಭರವಸೆ ಇಲ್ಲಿ ನಡೆಯುವುದಿಲ್ಲ, ಸಹಿಯಾದ ಕಾಗದದಲ್ಲಿ ಈ ದಿನಾಂಕಗಳೇ ಇರಬೇಕು. ಹದಿನೈದನೆಯ ದಿನಕ್ಕೆ ಇಬ್ಬರು ಪುರುಷರು, ಒಬ್ಬ ಮಹಿಳೆ ಹಿಂದೆ ಸರಿದರು. ಮೂವರು ಕಡಿಮೆಯಾದರೂ ಬಿಟ್ಟುಕೊಡಲು ಸಾಧ್ಯವಾದದ್ದು ಒಂದೇ ಕೊಠಡಿ, ಏಕೆಂದರೆ 23 ಮಹಿಳೆಯರಿಗೂ ಹನ್ನೆರಡೇ ಕೊಠಡಿ ಬೇಕು. ಜನ ಕಡಿಮೆಯಾದರು, ಬಿಲ್ಲು ಏಕೆ ಕಡಿಮೆಯಾಗಲಿಲ್ಲ ಎಂದು ನಿಮ್ಮ ಲೆಕ್ಕಪತ್ರ ವಿಭಾಗದವರು ಕೇಳುವುದು ಖಂಡಿತ, ಆಗ ಈ ಗಣಿತವನ್ನೇ ತೋರಿಸಬಹುದು.

ಊಟದ ಲೆಕ್ಕವನ್ನು ನಾನು ಕೊಠಡಿಗೆ ಕಟ್ಟಿಹಾಕುವುದಿಲ್ಲ. ಅಡುಗೆಯವರು ಸಾಮಾನು ತರಿಸುವುದು ಕೊನೆಯ ಎರಡು ಮೂರು ದಿನಗಳಲ್ಲಿ, ಹಾಗಾಗಿ 72 ಗಂಟೆ ಮೊದಲು ಕೊಡುವ ಸಂಖ್ಯೆಯೇ ಖಾತರಿ ಸಂಖ್ಯೆಯಾಗುವಂತೆ ಕೇಳಬಹುದು. ಖಾತರಿ ಸಂಖ್ಯೆ ಅಥವಾ ಉಂಡವರ ಸಂಖ್ಯೆ, ಯಾವುದು ಹೆಚ್ಚೋ ಅದಕ್ಕೆ ಬಿಲ್ಲು ಮಾಡುವುದು ವಾಡಿಕೆ. ನಮ್ಮಿಬ್ಬರನ್ನು ಸೇರಿಸಿ 97 ಜನರ ಪಟ್ಟಿಯಿದ್ದರೂ ನಾನು ಖಾತರಿ ಕೊಟ್ಟದ್ದು 90 ತಟ್ಟೆಗೆ, ಜೊತೆಗೆ ಏಳು ತಟ್ಟೆಯಷ್ಟು ಹೆಚ್ಚು ಬಡಿಸಲು ಸಿದ್ಧರಿರಬೇಕೆಂದು ಬರೆಸಿಕೊಂಡೆ. ಹೊರಡುವ ದಿನ ಬೆಳಿಗ್ಗೆ ನಾಲ್ವರು ಬರಲಿಲ್ಲ. ಕೊಠಡಿಗಳಿಗೆ ಪೂರ್ತಿ ಹಣ ಹೋಯಿತು, ಊಟಕ್ಕೆ ಮಾತ್ರ 93 ತಟ್ಟೆಗೇ ಬಿಲ್ಲಾಯಿತು.

ಅರ್ಜಿಯಲ್ಲಿ ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂದು ಕೇಳುವುದರಿಂದ ನಮ್ಮ ಭಾಗದಲ್ಲಿ ಸರಿಯಾದ ಲೆಕ್ಕ ಸಿಗುವುದಿಲ್ಲ. ಮಾಂಸ ತಿನ್ನುವವರಲ್ಲೂ ಅನೇಕರು ಶನಿವಾರ, ಸೋಮವಾರ ಅಥವಾ ಶ್ರಾವಣದಲ್ಲಿ ಮುಟ್ಟುವುದಿಲ್ಲ. ಆದ್ದರಿಂದ ಶನಿವಾರ ರಾತ್ರಿ ಏನು, ಭಾನುವಾರ ಮಧ್ಯಾಹ್ನ ಏನು ಎಂದು ಹೊತ್ತುಹೊತ್ತಿಗೆ ಪ್ರತ್ಯೇಕವಾಗಿ ಕೇಳುತ್ತೇನೆ.

ಬಸ್ಸಿಗೆ ಬಂದರೆ, 49 ಆಸನಗಳ ಎರಡು ಬಸ್ಸುಗಳಲ್ಲಿ 98 ಸ್ಥಾನಗಳಿದ್ದು 97 ಜನರಿಗೆ ಸಾಕಾಗುತ್ತಿದ್ದವು. ಆದರೂ ಒಂದು ಟೆಂಪೊ ಟ್ರಾವೆಲರ್ ಉಳಿಸಿಕೊಂಡೆ, ಅದನ್ನು ದುಂದೆಂದು ಭಾವಿಸಬಾರದು. ರಾತ್ರಿ ಪಾಳಿ ಮುಗಿಸಿದವರು ಸ್ವಲ್ಪ ನಿದ್ರೆ ಮಾಡಿ ತಡವಾಗಿ ಬರಲು ಅದು ಬೇಕಾಯಿತು, ಯಾರಿಗಾದರೂ ಆರೋಗ್ಯ ಕೆಟ್ಟರೆ ಗಂಗಾವತಿಯ ಆಸ್ಪತ್ರೆಗೆ ಧಾವಿಸಲು ದೊಡ್ಡ ಬಸ್ಸನ್ನು ಹೊರಡಿಸಬೇಕಾಗಿರಲಿಲ್ಲ. ಚಾಲಕರ ಕೆಲಸವನ್ನು ಕಾನೂನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿದೆ. ಬಸ್ಸಿನ ಸೀಟಿನ ಮೇಲೆ ಮಲಗಿದ ಚಾಲಕನ ಕೈಗೆ ಮರುದಿನ ಐವತ್ತು ಜನರನ್ನು ಒಪ್ಪಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಚಾಲಕರ ಮತ್ತು ಸಹಾಯಕರ ಹಾಸಿಗೆ, ಊಟಗಳನ್ನು ಪ್ರತ್ಯೇಕ ಸಾಲಾಗಿಯೇ ಅಂದಾಜಿನಲ್ಲಿ ಸೇರಿಸುತ್ತೇನೆ.

ದಿನಾಂಕ ತಪ್ಪಿದರೆ ಈ ಲೆಕ್ಕಗಳೆಲ್ಲ ಕೆಡುತ್ತವೆ. ಆ ಕಾರ್ಖಾನೆಯವರು ಮೊದಲು ಡಿಸೆಂಬರ್ ಕೇಳಿದ್ದರು. ಮಾರ್ಗಶಿರದಲ್ಲಿ ಅಂಜನಾದ್ರಿಯಲ್ಲಿ ಹನುಮಮಾಲೆ ವಿಸರ್ಜನೆಗೆ ಜನಸಾಗರ ಸೇರುವುದರಿಂದ ಆನೆಗುಂದಿಯ ರಸ್ತೆಯಲ್ಲಿ ದೊಡ್ಡ ಬಸ್ಸು ಸರಾಗವಾಗಿ ಸಾಗದು, ಹಾಗಾಗಿ ಫೆಬ್ರವರಿಗೆ ಒಪ್ಪಿಸಿದೆ. ಹಂಪಿ ಉತ್ಸವದ ದಿನಾಂಕವನ್ನೂ ನೋಡಿಕೊಳ್ಳಬೇಕು, ಆಗ ಹೊಸಪೇಟೆಯ ಸುತ್ತ ಕೊಠಡಿ ಸಿಗುವುದು ಕಷ್ಟ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಹರಿಗೋಲುಗಳೂ ನಿಲ್ಲುತ್ತವೆ. ಅಂಥ ತಿಂಗಳುಗಳಲ್ಲಿ ಹೊಸಪೇಟೆ, ಮುನಿರಾಬಾದ್ ಮೇಲಿನ ಸುತ್ತು ದಾರಿಯ ಕಿಲೋಮೀಟರುಗಳನ್ನೇ ಬಸ್ಸಿನ ಒಪ್ಪಂದದಲ್ಲಿ ಹಿಡಿಯಬೇಕು.

ಇನ್ನು ರೆಸಾರ್ಟಿನ ಪರವಾನಗಿ. ವಿರೂಪಾಪುರ ಗಡ್ಡೆಯ ಅನಧಿಕೃತ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮ ಮಾಡಲಾಯಿತು. ಇಂಥ ಜಾಗ ಮುಚ್ಚಿಹೋದರೆ ಕೊಟ್ಟ ಮುಂಗಡ ಹಿಂದಿರುಗುವುದು ಕಷ್ಟ. ಅನುಮತಿ ಪತ್ರದ ಪ್ರತಿಯನ್ನು ನೋಡಿಯೇ ಹಣ ಕಳಿಸುವುದು ನನ್ನ ಕ್ರಮ, ನೀವೂ ಒಂದು ಪ್ರತಿಯನ್ನು ಕಡತದಲ್ಲಿಟ್ಟುಕೊಳ್ಳಬಹುದು.

ಕೊನೆಯದಾಗಿ, ಕೊಠಡಿ ಖಾಲಿ ಮಾಡುವ ಮುನ್ನ ನಿಮ್ಮ ಕಡೆಯ ಒಬ್ಬರು ರೆಸಾರ್ಟಿನ ವ್ಯವಸ್ಥಾಪಕರೊಂದಿಗೆ ಕುಳಿತು ಕೊಠಡಿಗಳ ಪಟ್ಟಿ, ಹೊತ್ತುಹೊತ್ತಿನ ತಟ್ಟೆಗಳ ಎಣಿಕೆ ಮತ್ತು ಕೊಠಡಿಗೆ ತರಿಸಿಕೊಂಡ ತಿಂಡಿ ಪಾನೀಯಗಳ ಚೀಟಿಗಳ ಮೇಲೆ ಅಲ್ಲಿಯೇ ಸಹಿ ಮಾಡಿಸಬೇಕು. ವೈಯಕ್ತಿಕ ಖರ್ಚನ್ನು ಆಯಾ ಸಿಬ್ಬಂದಿಯೇ ಅಲ್ಲಿ ಪಾವತಿಸಬೇಕೆಂದು ಸುತ್ತೋಲೆಯಲ್ಲಿ ಮೊದಲೇ ತಿಳಿಸಿದ್ದರೆ ಒಳ್ಳೆಯದು. ನಿಮ್ಮ ಪಾಳಿ ಪಟ್ಟಿಯ ಪ್ರತಿ ತಲುಪಿದ ಕೂಡಲೇ ಕೊಠಡಿಗಳ ಮೊದಲ ಲೆಕ್ಕವನ್ನು ಸಿದ್ಧಪಡಿಸಿ ಕಳಿಸುತ್ತೇನೆ.