ಮೊದಲು ಅಕ್ಷರ, ಆಮೇಲೆ ಚಿತ್ರ: ಮುರುಗಲು ಶರಬತ್ತಿನ ಜಾಹೀರಾತಿಗೆ ಖಾಲಿ ಜಾಗ ಬಿಡಿಸಿದ್ದು

ಶಿರಸಿಯಲ್ಲಿ ನಾನು ಮಾಡುವ ಡಿಸೈನ್ ಕೆಲಸದಲ್ಲಿ ಜಾಸ್ತಿ ಪಾಲು ಮನೆ ಉದ್ಯಮದವರದ್ದು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ, ಮುರುಗಲು ಶರಬತ್ತು. ಇವರಿಗೆ ಸ್ಟುಡಿಯೋ ಫೋಟೋಗೆ ಖರ್ಚು ಮಾಡುವುದು ಕಷ್ಟ. ಹಾಗಾಗಿ ಹಿನ್ನೆಲೆಯನ್ನು ಎಐ ಚಿತ್ರದ ಟೂಲ್‌ನಲ್ಲಿ ತಯಾರಿಸಿ, ಅದರ ಮೇಲೆ ಹೆಸರು, ಬೆಲೆ, ಫೋನ್ ನಂಬರ್ ಕೂರಿಸುತ್ತೇನೆ. ಚಂದದ ಚಿತ್ರ ಬರಿಸುವುದು ಇದರಲ್ಲಿ ಸುಲಭದ ಭಾಗ. ಅಕ್ಷರ ಕೂರುವಷ್ಟು ಶುಭ್ರವಾದ ಜಾಗ ಇರುವ ಚಿತ್ರ ಬರಿಸುವುದೇ ನಿಜವಾದ ಕೆಲಸ. ಮುರುಗಲು ಶರಬತ್ತಿನ ಒಂದು ಕೆಲಸ ಇಟ್ಟುಕೊಂಡು ಹೇಳುತ್ತೇನೆ.

ಅಕ್ಷರವನ್ನೂ ಟೂಲ್‌ನಿಂದಲೇ ಬರೆಸಬಾರದಾ ಅಂತ ಕೇಳುವವರಿದ್ದಾರೆ. ಕನ್ನಡದ ಮಟ್ಟಿಗೆ ನಾನು ಅದನ್ನು ನಂಬುವುದಿಲ್ಲ. ಒತ್ತು ಎಲ್ಲೋ ಹೋಗಿ ಕೂರುತ್ತದೆ, ಗುಡಿಸು ಅರ್ಧ ಬರುತ್ತದೆ. ಅದು ಸರಿಯಾದರೂ ಬೆಲೆ ಬದಲಾಗುತ್ತಲೇ ಇರುತ್ತದೆ. ಅಕ್ಷರ ಬೇರೆ ಪದರದಲ್ಲಿ ಇದ್ದರೆ ಬದಲಿಸಲು ಒಂದು ನಿಮಿಷ ಸಾಕು.

ನಾನು ಶುರು ಮಾಡುವುದೇ ಅಕ್ಷರದಿಂದ. ಚಿತ್ರದ ಗೊಡವೆಗೆ ಹೋಗುವ ಮೊದಲು ಖಾಲಿ ಕ್ಯಾನ್ವಾಸ್ ಮೇಲೆ ಎಲ್ಲ ಸಾಲುಗಳನ್ನೂ ಟೈಪ್ ಮಾಡುತ್ತೇನೆ. ‘ಮುರುಗಲು ಶರಬತ್ತು’ ದೊಡ್ಡದಾಗಿ, ಅದರ ಕೆಳಗೆ ನೀರು ಬೆರೆಸುವ ಪ್ರಮಾಣ, ಆಮೇಲೆ ಬೆಲೆ, ನಂಬರ್. ಕನ್ನಡಕ್ಕೆ ಜಾಗ ಜಾಸ್ತಿ ಬೇಕು. ನಮ್ಮ ಅಕ್ಷರಗಳು ದುಂಡಗೆ, ಅಗಲ. ಜೊತೆಗೆ ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ. ‘ಶರಬತ್ತು’ ಅನ್ನುವಾಗಿನ ತ ಒತ್ತಿಗೆ ಕೆಳಗಿನ ಸಾಲು ತಾಗಿದರೆ ಎರಡೂ ಓದಲು ಬರುವುದಿಲ್ಲ. ಇಂಗ್ಲಿಷಿಗೆ ಸಾಲಿನ ಅಂತರ ಅಕ್ಷರದ ಅಳತೆಯ 120 ಪರ್ಸೆಂಟ್ ಇದ್ದರೆ ನಡೆಯುತ್ತದೆ. ಕನ್ನಡಕ್ಕೆ ನಾನು 140ರಿಂದ 150 ಇಡುತ್ತೇನೆ. ಇಷ್ಟೆಲ್ಲ ಕೂರಿಸಿ ನೋಡಿದಾಗ ಈ ಕೆಲಸಕ್ಕೆ ಅಗಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಬೇಕಾಯಿತು. ಸುತ್ತಲಿನ ಅಂಚು ಸೇರಿಸಿದರೆ 60 ಪರ್ಸೆಂಟ್. ಅಂದರೆ ಬಾಟ್ಲಿಗೆ ಉಳಿದದ್ದು ಬಲಗಡೆಯ 40. ಈ ಲೆಕ್ಕ ಸಿಕ್ಕ ಮೇಲೆಯೇ ಚಿತ್ರದ ಕೆಲಸ.

ಇಲ್ಲಿ ಹೆಚ್ಚಿನವರು ಟೂಲ್‌ಗೆ ಬರೆದು ಕೊಡುವ ವಿವರಣೆಯಲ್ಲಿ, ಅಂದರೆ ಪ್ರಾಂಪ್ಟ್‌ನಲ್ಲಿ, ‘ಅಕ್ಷರಕ್ಕೆ ಜಾಗ ಬಿಡು’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅದರಿಂದ ಆಗುವುದು ಉಲ್ಟಾ. ಈ ಮಾಡೆಲ್‌ಗಳು ಕಲಿತದ್ದು ಚಿತ್ರ ಮತ್ತು ಅದರ ವಿವರಣೆಯ ಜೋಡಿಗಳಿಂದ. `text`, `poster`, `advertisement` ಎಂಬ ಪದ ಇರುವ ಕಡೆ ಚಿತ್ರದಲ್ಲೂ ಅಕ್ಷರ ಇರುತ್ತದೆ. ಹಾಗಾಗಿ ಆ ಪದ ಹಾಕಿದರೆ ಖಾಲಿ ಬಿಡಬೇಕಾದ ಜಾಗದಲ್ಲೇ ಯಾವ ಭಾಷೆಯೂ ಅಲ್ಲದ ಗೀಚು ಬಂದು ಕೂರುತ್ತದೆ. `copy space`, ಅಂದರೆ ಬರಹಕ್ಕೆ ಬಿಟ್ಟ ಜಾಗ, ಎನ್ನುವುದು ಸ್ಟಾಕ್ ಫೋಟೋಗಳ ವಿವರಣೆಯಲ್ಲಿ ನಿಜವಾಗಿಯೂ ಬಳಕೆಯಲ್ಲಿರುವ ಮಾತು, ಅದು ಒಂದಿಷ್ಟು ಕೆಲಸ ಮಾಡುತ್ತದೆ. ಆದರೆ ಜಾಗ ಎಲ್ಲಿ, ಎಷ್ಟು ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಖಾಲಿ ಜಾಗವೂ ಯಾವುದೋ ಒಂದು ವಸ್ತುವೇ. ಗೋಡೆಯೋ, ಬಟ್ಟೆಯೋ, ಮಸುಕಾದ ಆಕಾಶವೋ. ‘ಖಾಲಿ’ ಅನ್ನುವ ಬದಲು ಅಲ್ಲಿ ಏನು ತುಂಬಿದೆ ಎಂದು ಹೇಳಬೇಕು. ನಾನು ಸುಣ್ಣ ಬಳಿದ ಗೋಡೆ ಆರಿಸಿಕೊಂಡೆ. ಸಿರಪ್‌ನ ಕಡುಗೆಂಪಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಕಂದು ಅಕ್ಷರವೂ ಅದರ ಮೇಲೆ ಎದ್ದು ಕಾಣುತ್ತದೆ.

```
product photo, cream lime-washed wall, smooth,
evenly lit, out of focus, fills the left side
and the top, old wooden plank at the bottom,
soft light from the left
```

ಬೇಡವಾದದ್ದನ್ನು ಇದರೊಳಗೆ `no leaves` ಎಂದು ಬರೆಯಬಾರದು. ಎಲೆ ಎಂಬ ಪದ ಕಂಡರೆ ಎಲೆ ಬರುವುದೇ ಹೆಚ್ಚು. ನಾನು ಬಳಸುವ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಅದಕ್ಕೆ ಬೇರೆಯದೇ ಪೆಟ್ಟಿಗೆ ಇದೆ. `Negative prompt` ಎಂಬ ಆ ಪೆಟ್ಟಿಗೆಗೆ `text, letters, logo, frame, leaves, window, extra bottle` ಹಾಕಿದೆ.

ಆದರೂ ಪದಗಳಿಂದ ಅಳತೆ ಬರುವುದಿಲ್ಲ. 60–40 ಬೇಕು ಎಂದರೆ ಮಾಡೆಲ್‌ಗೆ ತಿಳಿಯುವುದಿಲ್ಲ, ಅದಕ್ಕೆ ವಸ್ತುವನ್ನು ನಡುವೆ ಇಡುವುದೇ ಅಭ್ಯಾಸ. ಅಳತೆಯನ್ನು ಬಣ್ಣದಲ್ಲಿ ತೋರಿಸಬೇಕು. ಜಿಂಪ್‌ನಲ್ಲಿ 1216×832 ಪಿಕ್ಸೆಲ್‌ನ ಕ್ಯಾನ್ವಾಸ್ ತೆರೆದೆ. ಸ್ಟೇಬಲ್ ಡಿಫ್ಯೂಷನ್‌ನ ಎಸ್‌ಡಿಎಕ್ಸ್‌ಎಲ್ ಮಾಡೆಲ್‌ಗೆ ಒಗ್ಗುವ ಅಡ್ಡ ಅಳತೆಗಳಲ್ಲಿ ಅದೂ ಒಂದು. ಕೆಳಗಿನ ಕಾಲು ಭಾಗಕ್ಕೆ ಕಂದು, ಉಳಿದದ್ದಕ್ಕೆಲ್ಲ ಕೆನೆ ಬಣ್ಣ ಬಳಿದೆ. ಬಲಗಡೆ ಬಾಟ್ಲಿ ಇಟ್ಟೆ. ನೋಡಲು ಮಕ್ಕಳು ಬಿಡಿಸಿದ ಚಿತ್ರದ ಹಾಗೆ ಇರುತ್ತದೆ, ಅಷ್ಟು ಸಾಕು.

ಬಾಟ್ಲಿ ಮಾತ್ರ ನಿಜವಾದದ್ದೇ, ಮೊಬೈಲ್‌ನಲ್ಲಿ ತೆಗೆದ ಫೋಟೋದಿಂದ ಕತ್ತರಿಸಿದ್ದು. ಮಾರುವ ವಸ್ತುವನ್ನು ಮಾಡೆಲ್ ಕೈಗೆ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಲೇಬಲ್ ಕೆಡಿಸುತ್ತದೆ, ಮುಚ್ಚಳದ ಆಕಾರ ಬದಲಿಸುತ್ತದೆ. ಜನ ನೋಡಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು ಆಗಬಾರದು ಅಲ್ವಾ. ಮುರುಗಲ ಹಣ್ಣಿಗೂ ಇದೇ ಮಾತು. ಮಾಡೆಲ್ ಬಿಡಿಸುವ ಮುರುಗಲು ಒಮ್ಮೆ ಪ್ಲಮ್ ಹಣ್ಣು, ಒಮ್ಮೆ ಟೊಮೆಟೊ. ನಮ್ಮ ಕಡೆಯವರಿಗೆ ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ. ಹಣ್ಣಿನ ಫೋಟೋವನ್ನೂ ಬಾಟ್ಲಿಯ ಜೊತೆಗೇ ತೆಗೆದುಕೊಂಡೆ.

ಫೋಟೋ ತೆಗೆಯುವಾಗ ಕಿಟಕಿ ಬಾಟ್ಲಿಯ ಎಡಕ್ಕೆ ಬರುವಂತೆ ನಿಂತೆ. ಇದಕ್ಕೆ ಕಾರಣ ಉಂಟು. ಬೆಳಕು ಎಡದಿಂದ ಬಂದರೆ ನೆರಳು ಬಲಕ್ಕೆ, ಅಂದರೆ ಅಕ್ಷರ ಇಲ್ಲದ ಕಡೆಗೆ ಬೀಳುತ್ತದೆ. ಬೆಳಕು ಬಲದಿಂದ ಬಂದರೆ ಬಾಟ್ಲಿಯ ಉದ್ದನೆಯ ನೆರಳು ಸೀದಾ ಬೆಲೆ ಬರೆಯುವ ಜಾಗದ ಮೇಲೆ. ಗಾಜಿನ ಮೇಲಿನ ಮಿಂಚು ಎಡಗಡೆ ಇರುವುದರಿಂದಲೇ ಪ್ರಾಂಪ್ಟ್‌ನಲ್ಲೂ ಎಡದ ಬೆಳಕು ಎಂದು ಬರೆದದ್ದು. ಎರಡೂ ಹೊಂದದಿದ್ದರೆ ಬಾಟ್ಲಿ ಅಂಟಿಸಿದ ಹಾಗೆ ಕಾಣುತ್ತದೆ.

ಈಗ ಇನ್‌ಪೇಂಟ್, ಅಂದರೆ ಮಾಸ್ಕ್ ಬಳಿದು ಗುರುತು ಮಾಡಿದ ಭಾಗವನ್ನು ಮಾತ್ರ ಮಾಡೆಲ್‌ನಿಂದ ಹೊಸದಾಗಿ ಬರಿಸುವುದು. ಬಾಟ್ಲಿ, ಹಣ್ಣು ಬಿಟ್ಟು ಉಳಿದದ್ದಕ್ಕೆಲ್ಲ ಮಾಸ್ಕ್ ಬಳಿದೆ. `Masked content` ಎಂಬಲ್ಲಿ `original` ಇಟ್ಟೆ, ನಾನು ಬಳಿದ ಬಣ್ಣವನ್ನು ಅದು ಆಧಾರವಾಗಿ ತೆಗೆದುಕೊಳ್ಳಲಿ ಅಂತ. ಎಲ್ಲದಕ್ಕಿಂತ ಮುಖ್ಯ `Denoising strength`, ನಾನು ಬಳಿದದ್ದನ್ನು ಮಾಡೆಲ್ ಎಷ್ಟು ಬದಲಿಸಬಹುದು ಎಂಬ ಅಳತೆ. ಅದು 0.5ಕ್ಕಿಂತ ಕೆಳಗಿದ್ದರೆ ನಾನು ಬಳಿದ ಚಪ್ಪಟೆ ಬಣ್ಣವೇ ಉಳಿದುಬಿಡುತ್ತದೆ, ಗೋಡೆಯಂತೆ ಕಾಣುವುದಿಲ್ಲ. 0.9ರ ಹತ್ತಿರ ಹೋದರೆ ಮಾಡೆಲ್ ನನ್ನ ಮಾತು ಕೇಳುವುದಿಲ್ಲ. ಗೋಡೆಯಲ್ಲಿ ಕಿಟಕಿ ಬರುತ್ತದೆ, ಪಕ್ಕದಲ್ಲಿ ಇನ್ನೊಂದು ಬಾಟ್ಲಿ ಹುಟ್ಟುತ್ತದೆ. 0.65ರಿಂದ 0.75ರ ನಡುವೆ ಗೋಡೆಗೆ ಸುಣ್ಣದ ಮೈ ಬಂತು, ಹಲಗೆಗೆ ಮರದ ಗೆರೆ ಬಂತು, ಜಾಗ ಮಾತ್ರ ನಾನು ಬಿಟ್ಟಷ್ಟೇ ಇತ್ತು. ಒಂದೇ ಸಲಕ್ಕೆ ನಾಲ್ಕು ಚಿತ್ರ ಬರಿಸಿ, ಗೋಡೆ ಅತ್ಯಂತ ಶಾಂತವಾಗಿರುವುದನ್ನು ಆರಿಸುತ್ತೇನೆ. ಬಾಟ್ಲಿಯ ಅಡಿಯಲ್ಲಿ, ಹಲಗೆಗೆ ತಾಗುವಲ್ಲಿ ನೆರಳು ಸಾಲದೆ ಹೋದರೆ ಮೆತ್ತನೆಯ ಕಪ್ಪು ಬ್ರಷ್‌ನಿಂದ ನಾನೇ ಹಾಕುತ್ತೇನೆ. ಕೊನೆಗೆ ಕತ್ತರಿಸಿದ ಮೂಲ ಬಾಟ್ಲಿಯನ್ನು ಮೇಲಿನ ಪದರದಲ್ಲಿ ಮತ್ತೆ ಇಡುತ್ತೇನೆ, ಲೇಬಲ್‌ನ ಸಣ್ಣ ಅಕ್ಷರಕ್ಕೆ ಏನೂ ಆಗಬಾರದು.

ಕಣ್ಣಿಗೆ ಶುಭ್ರ ಕಂಡ ಗೋಡೆ ನಿಜಕ್ಕೂ ಶುಭ್ರವಾ ಎಂದು ನೋಡಲೇಬೇಕು. ಕರ್ವ್ಸ್‌ನಲ್ಲಿ ಕಾಂಟ್ರಾಸ್ಟನ್ನು ತಾತ್ಕಾಲಿಕವಾಗಿ ಪೂರ್ತಿ ಏರಿಸುತ್ತೇನೆ. ಅಡಗಿದ್ದೆಲ್ಲ ಆಗ ಹೊರಗೆ ಬರುತ್ತದೆ. ಈ ಗೋಡೆಯಲ್ಲಿ ಎಡಗಡೆ ಮೇಲೆ ಪಾಚಿ ಕಟ್ಟಿದಂಥ ಮಚ್ಚೆ ಇತ್ತು, ಸಾಧಾರಣ ನೋಟಕ್ಕೆ ಅದು ಕಂಡಿರಲೇ ಇಲ್ಲ. ಹೆಸರು ಬರುವುದು ಸರಿಯಾಗಿ ಅದರ ಮೇಲೆ. ಹೀಲಿಂಗ್ ಟೂಲ್‌ನಿಂದ ತೆಗೆದು, ಅಷ್ಟು ಜಾಗವನ್ನು ಜಾಸ್ತಿ ಬ್ಲರ್ ಮಾಡಿದೆ. ಬ್ಲರ್ ಮಾಡಿದ್ದಕ್ಕೆ ಒಂದು ಉಪದ್ರವ ಇದೆ. ತೀರ ನಯವಾದ ಬಣ್ಣ ವಾಟ್ಸಾಪ್‌ನಲ್ಲಿ ಹೋಗುವಾಗ ಕುಗ್ಗಿ ಪಟ್ಟಿ ಪಟ್ಟಿಯಾಗುತ್ತದೆ. ಒಂದೆರಡು ಪರ್ಸೆಂಟ್ ನಾಯ್ಸ್ ಸೇರಿಸಿದರೆ ಪಟ್ಟಿ ಕಾಣುವುದಿಲ್ಲ, ಗೋಡೆಯೂ ಸಹಜವಾಗಿ ಕಾಣುತ್ತದೆ.

ಇನ್ನೊಂದು ಪರೀಕ್ಷೆ ಬೆಳಕಿನದ್ದು. ಕಿಟಕಿಯ ಕಡೆ ಗೋಡೆ ಬೆಳ್ಳಗೆ, ಬಾಟ್ಲಿಯ ಕಡೆ ಬರುತ್ತಾ ಮಂಕು. ಸಾಲಿನ ಶುರುವಿನಲ್ಲಿ ಚೆನ್ನಾಗಿ ಕಾಣುವ ಕಂದು ಅಕ್ಷರ ಕೊನೆಯಲ್ಲಿ ಮುಳುಗಬಹುದು. ಅದಕ್ಕೆ ಗೋಡೆಯ ಅತಿ ಮಂಕಾದ ಕಡೆಯಿಂದ ಬಣ್ಣ ತೆಗೆದು, ಅಕ್ಷರದ ಬಣ್ಣದ ಜೊತೆ ಕಾಂಟ್ರಾಸ್ಟ್ ಲೆಕ್ಕ ಹಾಕುತ್ತೇನೆ. ವೆಬ್‌ನ ನಿಯಮದಲ್ಲಿ ಸಣ್ಣ ಅಕ್ಷರಕ್ಕೆ ಕನಿಷ್ಠ 4.5:1 ಎಂದಿದೆ. ಅಲ್ಲಿ ಪಾಸಾದರೆ ಉಳಿದ ಕಡೆ ಚಿಂತೆ ಇಲ್ಲ.

ಚಿತ್ರ ತೋರಿಸಿದಾಗ ಶರಬತ್ತಿನ ಅಕ್ಕ ಹೇಳಿದ್ದು, “ತಮಾ, ಬಾಟ್ಲಿ ಸಣ್ಣ ಆತು. ಸ್ವಲ್ಪ ದೊಡ್ಡ ಮಾಡು.” ಅಕ್ಷರ ಇಲ್ಲದ ಚಿತ್ರ ತೋರಿಸಿದರೆ ಎಲ್ಲರೂ ಹೀಗೇ ಹೇಳುತ್ತಾರೆ, ಖಾಲಿ ಜಾಗ ಅವರಿಗೆ ದಂಡವಾಗಿ ಕಾಣುತ್ತದೆ. ಸಾಲುಗಳಿರುವ ಪದರ ಆನ್ ಮಾಡಿದೆ. “ಹಾಂ, ಈಗ ಸಮ ಇದ್ದು” ಅಂದರು. ಅಕ್ಷರ ಮೊದಲೇ ತಯಾರಿದ್ದದ್ದು ಇಲ್ಲೂ ಉಪಯೋಗಕ್ಕೆ ಬಂತು.

ಅಡ್ಡ ಚಿತ್ರವನ್ನೇ ಕತ್ತರಿಸಿ ವಾಟ್ಸಾಪ್ ಸ್ಟೇಟಸ್‌ಗೆ ಮಾಡಲು ಹೋಗಬೇಡಿ. ಕತ್ತರಿಸಿದರೆ ಮೊದಲು ಹೋಗುವುದು ಖಾಲಿ ಜಾಗವೇ. ಉದ್ದ ಚಿತ್ರಕ್ಕೆ 832×1216ರಲ್ಲಿ ಹೊಸದಾಗಿ ಬಣ್ಣ ಬಳಿದು, ಬಾಟ್ಲಿ ಕೆಳಗೆ, ಗೋಡೆ ಮೇಲೆ ಬರುವಂತೆ ಇಟ್ಟೆ. ಸ್ಟೇಟಸ್ ಅದಕ್ಕಿಂತಲೂ ಉದ್ದ. ಬೇಕಾದಷ್ಟು ಗೋಡೆಯನ್ನು ಮೇಲಕ್ಕೆ ಬೆಳೆಸಿಕೊಂಡೆ, ಬರೀ ಗೋಡೆಯಾದ್ದರಿಂದ ಕಷ್ಟ ಆಗಲಿಲ್ಲ. ಸ್ಟೇಟಸ್‌ನಲ್ಲಿ ತುದಿಯಲ್ಲಿ ಕಳಿಸಿದವರ ಹೆಸರು, ಬುಡದಲ್ಲಿ ಉತ್ತರ ಬರೆಯುವ ಪಟ್ಟಿ ಬರುತ್ತದೆ. ಫೋನ್ ನಂಬರನ್ನು ಬುಡದಲ್ಲಿ ಇಟ್ಟರೆ ಮುಚ್ಚಿಹೋಗುತ್ತದೆ. ಹೆಸರು, ನಂಬರ್ ಎರಡನ್ನೂ ಗೋಡೆಯ ಮಧ್ಯಕ್ಕೆ ತಂದೆ.

ಮಾರಿಕಾಂಬಾ ಜಾತ್ರೆಯ ಅಂಗಡಿಗೆ 6×4 ಅಡಿಯ ಫ್ಲೆಕ್ಸ್ ಬೇಕಿತ್ತು. 1216 ಪಿಕ್ಸೆಲ್ ಅದಕ್ಕೆ ಎಲ್ಲೂ ಸಾಲದು. ಅಪ್‌ಸ್ಕೇಲರ್‌ನಲ್ಲಿ ನಾಲ್ಕು ಪಟ್ಟು ಮಾಡಿದರೆ 4864, ಅಂದರೆ ಇಂಚಿಗೆ ಸುಮಾರು 68 ಪಿಕ್ಸೆಲ್. ದೂರದಿಂದ ನೋಡುವ ಫ್ಲೆಕ್ಸ್‌ಗೆ ಅಷ್ಟು ನಡೆಯುತ್ತದೆ. ಬಾಟ್ಲಿಯನ್ನು ಮಾತ್ರ ಅಪ್‌ಸ್ಕೇಲ್ ಮಾಡದೆ, ಮೊಬೈಲ್‌ನ ಮೂಲ ಫೋಟೋದಿಂದ ದೊಡ್ಡ ಅಳತೆಯಲ್ಲೇ ಮತ್ತೆ ಕತ್ತರಿಸಿ ಕೂರಿಸಿದೆ. ಅಕ್ಷರ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಅಕ್ಷರ ಹಾಕಿದ ಮೇಲೆ ಅಪ್‌ಸ್ಕೇಲ್ ಮಾಡಿದರೆ ಅದು ಒತ್ತುಗಳ ಸಣ್ಣ ತಿರುವುಗಳನ್ನೂ ತಿದ್ದಲು ಹೋಗುತ್ತದೆ. ಫ್ಲೆಕ್ಸ್‌ನ ಅಂಚಿಗೆ ಹಗ್ಗ ಕಟ್ಟಲು ರಿಂಗ್ ಹೊಡೆಯುತ್ತಾರೆ, ಕೆಲವೊಮ್ಮೆ ಮಡಚಿ ಚೌಕಟ್ಟಿಗೂ ಹೊಡೆಯುತ್ತಾರೆ. ಹಾಗಾಗಿ ನಾಲ್ಕೂ ಬದಿಗೆ ಮೂರು ನಾಲ್ಕು ಇಂಚು ಬರೀ ಗೋಡೆ, ಹಲಗೆ ಮಾತ್ರ ಇರುವಂತೆ ಬಿಟ್ಟು ಪ್ರೆಸ್ಸಿಗೆ ಕಳಿಸಿದೆ.