ಮಿದುಳಿಲ್ಲದೆಯೂ ನಡೆಯುವ ಕರುಳು: ನನ್ನ ಲ್ಯಾಬ್ ಅನುಭವ

ನಾನು ಫಿಸಿಯಾಲಜಿ ಲ್ಯಾಬ್‌ನಲ್ಲಿ ಗಿನಿಪಿಗ್‌ನ ಸಣ್ಣ ಕರುಳಿನ ಚಲನೆ ನೋಡುವ ಕೆಲಸ ಮಾಡುತ್ತೇನೆ. ಎಥಿಕ್ಸ್ ಕಮಿಟಿಯ ಅನುಮತಿ ಇದ್ದರಷ್ಟೇ ಈ ಪ್ರಯೋಗ. ದೇಹದಿಂದ ಹೊರಗೆ ತೆಗೆದ ಕರುಳಿನ ತುಂಡಿಗೆ ಮಿದುಳಿನ ಸಂಪರ್ಕವೇ ಇರುವುದಿಲ್ಲ. ಆದರೂ ಅದು ಎರಡು ಬೇರೆ ಬೇರೆ ರೀತಿಯಲ್ಲಿ ಚಲಿಸುತ್ತದೆ. ಆ ಎರಡೂ ಚಲನೆಗಳನ್ನು ಹೇಗೆ ಬರಿಸುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಕರುಳಿನ ತುಂಡನ್ನು ಜೀವಂತವಾಗಿಡುವ ಟೈರೋಡ್ ದ್ರಾವಣ. ಉಪ್ಪು, ಬೈಕಾರ್ಬೊನೇಟ್, ಗ್ಲೂಕೋಸ್ ಎಲ್ಲ ಕರಗಿದ ಮೇಲೆ, ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ನೀರಿನಲ್ಲಿ ಕರಗಿಸಿಕೊಂಡು ಕೊನೆಗೆ ನಿಧಾನವಾಗಿ ಸುರಿಯಬೇಕು. ದ್ರಾವಣ ಬೆಳ್ಳಗೆ ಕದಡಿದರೆ ಕ್ಯಾಲ್ಸಿಯಂ ತಳಕ್ಕೆ ಕೂರುತ್ತಿದೆ ಎಂದರ್ಥ. ಅದನ್ನು ಚೆಲ್ಲಿ ಹೊಸದು ಮಾಡುವುದೇ ವಾಸಿ. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಬಿಗಿಯುವುದಿಲ್ಲ, ಅಲ್ವಾ? ದ್ರಾವಣವನ್ನು 37 ಡಿಗ್ರಿಯಲ್ಲಿಟ್ಟು ಆಮ್ಲಜನಕದ ಗುಳ್ಳೆ ಬಿಡುತ್ತಲೇ ಇರಬೇಕು.

ಸಣ್ಣ ಕರುಳಿನ ನಡುಭಾಗವಾದ ಜೆಜುನಮ್‌ನ ಒಂದು ತುಂಡು ತೆಗೆದ ಕೂಡಲೇ ಬಾಯಿಯ ಕಡೆಯ ತುದಿಗೆ ಕಪ್ಪು ದಾರ ಕಟ್ಟುತ್ತೇನೆ. ಕತ್ತರಿಸಿದ ಮೇಲೆ ಎರಡು ತುದಿಯೂ ನೋಡಲು ಒಂದೇ ಥರ. ಒಳಗಿರುವುದನ್ನು ಮೆಲ್ಲಗೆ ತೊಳೆಯುತ್ತೇನೆ. ಒತ್ತಿ ತೊಳೆದರೆ ಒಳಪದರ ಕಿತ್ತುಹೋಗುತ್ತದೆ. ಆಮೇಲೆ ತುಂಡನ್ನು ಉದ್ದಕ್ಕೆ ಮಲಗಿಸಿ, ಎರಡೂ ತುದಿಗೆ ಕೊಳವೆ ಜೋಡಿಸಿ, ಮೇಲೆ ಕ್ಯಾಮೆರಾ ಇಡುತ್ತೇನೆ.

ಈಗ ಕೊಳವೆಯ ಮೂಲಕ ಒಳಗೆ ಹೋಗುವ ದ್ರಾವಣದ ಮಟ್ಟವನ್ನು ಎರಡು-ಮೂರು ಸೆಂಟಿಮೀಟರ್ ಏರಿಸುತ್ತೇನೆ. ಕರುಳು ಉಬ್ಬುತ್ತದೆ. ಮೊದಲು ಅದರ ಉದ್ದ ಸ್ವಲ್ಪ ಕುಗ್ಗುತ್ತದೆ. ಆಮೇಲೆ ಕಪ್ಪು ದಾರದ ಕಡೆಯಿಂದ ಒಂದು ಬಿಗಿ ಉಂಗುರ ಹೊರಟು ಇನ್ನೊಂದು ತುದಿಯವರೆಗೆ ಸಾಗಿ ದ್ರವವನ್ನು ಹೊರಗೆ ತಳ್ಳುತ್ತದೆ. ಇದೇ ಪೆರಿಸ್ಟಾಲ್ಸಿಸ್. ಹಿಗ್ಗಿದ ಜಾಗದ ಹಿಂದೆ ಬಿಗಿತ, ಮುಂದೆ ಸಡಿಲ. ಇಂಗ್ಲಿಷ್ ಶರೀರಶಾಸ್ತ್ರಜ್ಞರಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ನಾಯಿಯ ಕರುಳಿನಲ್ಲಿ ಇದನ್ನು ಕಂಡಿದ್ದರು. ಹಿಂದಿನ ಸ್ನಾಯುವಿಗೆ ಅಸೆಟೈಲ್‌ಕೋಲಿನ್, ಮುಂದಿನದಕ್ಕೆ ಮುಖ್ಯವಾಗಿ ನೈಟ್ರಿಕ್ ಆಕ್ಸೈಡ್ ಸೂಚನೆ ಕೊಡುತ್ತದೆ. ಎರಡನ್ನೂ ಬಿಡುವುದು ಕರುಳಿನ ಗೋಡೆಯೊಳಗಿನ ನರಜಾಲವೇ.

ಇದು ನಿಜಕ್ಕೂ ನರದ ಕೆಲಸವೋ ಅಥವಾ ಸ್ನಾಯುವಿನ ಸ್ವಂತ ಕೆಲಸವೋ? ಸುಮ್ನೆ ನಂಬುವುದು ಬೇಡ ಅಂತ ಹೆಕ್ಸಮಿಥೋನಿಯಂ ಹಾಕುತ್ತೇನೆ. ಇದು ನರದಿಂದ ನರಕ್ಕೆ ಹೋಗುವ ಮುಖ್ಯ ಸಂದೇಶವನ್ನು ತಡೆಯುತ್ತದೆ. ಮಟ್ಟ ಅಷ್ಟೇ ಏರಿಸಿದರೂ ಅಲೆ ಹೊರಡುವುದಿಲ್ಲ. ಕರುಳು ಉಬ್ಬಿ ಸುಮ್ಮನೆ ಕೂರುತ್ತದೆ. ಆಗ ದ್ರಾವಣಕ್ಕೆ ಅಸೆಟೈಲ್‌ಕೋಲಿನ್ ಹಾಕಿದರೆ ಇಡೀ ತುಂಡು ಗಟ್ಟಿಯಾಗಿ ಮುದುಡುತ್ತದೆ. ಅಂದರೆ ಸ್ನಾಯು ಚೆನ್ನಾಗಿದೆ, ಸೂಚನೆ ಮಾತ್ರ ಬರುತ್ತಿಲ್ಲ. ಒತ್ತಡ ಇನ್ನೂ ಜಾಸ್ತಿ ಮಾಡಿದರೆ ಕೆಲವು ಸಲ ಅಲೆ ಮತ್ತೆ ಹೊರಡುತ್ತದೆ. ನರಜಾಲದಲ್ಲಿ ಎಟಿಪಿಯಂಥ ಬೇರೆ ಸಂದೇಶವಾಹಕಗಳೂ ಇವೆಯಲ್ಲ, ಒಂದು ದಾರಿ ಮುಚ್ಚಿದರೆ ಪೂರ್ತಿ ಬಂದ್ ಆಗುವುದಿಲ್ಲ.

ಇನ್ನು ಸೆಗ್ಮೆಂಟೇಶನ್. ಹೊಸ ತುಂಡು ಜೋಡಿಸಿ, ಒತ್ತಡ ಕಡಿಮೆ ಇಟ್ಟು, ಒಳಗೆ ಡೆಕನೋಯಿಕ್ ಎಂಬ ಕೊಬ್ಬಿನ ಆಮ್ಲ ಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಉಂಗುರ ಬಿಗಿಯುತ್ತದೆ, ಸಡಿಲಾಗುತ್ತದೆ. ಆದರೆ ಯಾವುದೂ ಮುಂದೆ ಹೋಗುವುದಿಲ್ಲ. ರೊಟ್ಟಿಗೆ ಹಿಟ್ಟು ನಾದುವ ಹಾಗೆ, ಒಳಗಿನದು ಅಲ್ಲಲ್ಲೇ ಹಿಂದೆ ಮುಂದೆ ಆಗಿ ಕಲೆಯುತ್ತದೆ. ಒಳಪದರದ ಕೋಶಗಳಿಗೆ ಕೊಬ್ಬು ತಾಗಿದಾಗ ಕೊಲೆಸಿಸ್ಟೊಕೈನಿನ್ ಹಾರ್ಮೋನು ಬರುತ್ತದೆ. ಈ ಚಲನೆಯಲ್ಲಿ ಅದಕ್ಕೂ ಸೆರೊಟೋನಿನ್‌ಗೂ ಪಾತ್ರವಿದೆ. ಅದಕ್ಕೇ ಮೆಲ್ಲಗೆ ತೊಳೆಯಿರಿ ಅಂದದ್ದು: ಒಳಪದರ ಹಾಳಾದರೆ ಕೊಬ್ಬು ಬಂದ ಸುದ್ದಿ ನರಕ್ಕೆ ಮುಟ್ಟುವುದೇ ಇಲ್ಲ. ಸೆಗ್ಮೆಂಟೇಶನ್ ಅಂದರೆ ಬರೀ ಸ್ನಾಯುವಿನ ತಾಳ ಅಂತ ಪಾಠದಲ್ಲಿ ಹೇಳಿಬಿಡುವುದುಂಟು. ಗಿನಿಪಿಗ್‌ನಲ್ಲಿ ಟೆಟ್ರೊಡೊಟಾಕ್ಸಿನ್ ಹಾಕಿ ನರಗಳನ್ನು ಸುಮ್ಮನಾಗಿಸಿದರೆ ಇದೂ ನಿಂತುಹೋಗುತ್ತದೆ.

ಬರಿಗಣ್ಣಿಗೆ ಎರಡೂ ಗೊಂದಲ ಮಾಡುತ್ತವೆ. ಅದಕ್ಕೆ ವಿಡಿಯೊದ ಪ್ರತಿ ಚೌಕಟ್ಟಿನಲ್ಲೂ ಕರುಳಿನ ಉದ್ದಕ್ಕೂ ಅದರ ಅಗಲ ಅಳೆದು, ಸಮಯದ ಜೊತೆ ಒಂದು ನಕ್ಷೆ ಮಾಡುತ್ತೇನೆ. ಪೆರಿಸ್ಟಾಲ್ಸಿಸ್ ಓರೆ ಗೆರೆಯಾಗಿ ಕಾಣುತ್ತದೆ, ಸೆಗ್ಮೆಂಟೇಶನ್ ಚದುರಿದ ಚುಕ್ಕೆಗಳಾಗಿ. ಗೆರೆಯ ಓರೆ ನೋಡಿಯೇ ಅಲೆಯ ವೇಗ ಲೆಕ್ಕ ಹಾಕಬಹುದು. ಮಟ್ಟ ಏರಿಸಿ ಇಳಿಸದೆ ಬಿಟ್ಟರೆ ಓರೆ ಗೆರೆಗಳು ಕ್ರಮೇಣ ವಿರಳವಾಗುತ್ತವೆ. ಅಂಗಾಂಶ ದಣಿದಿದೆ ಅಂತ ತಿಳಿದು ಮಟ್ಟ ಇಳಿಸಿ ವಿಶ್ರಾಂತಿ ಕೊಡುತ್ತೇನೆ.

ಈ ತುಂಡಿನಲ್ಲಿ ಕಾಣದ ಒಂದು ಚಲನೆಯೂ ಇದೆ. ಹೊಟ್ಟೆ ಖಾಲಿ ಇದ್ದಾಗ ಮನುಷ್ಯರಲ್ಲಿ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಒಂದು ದೊಡ್ಡ ಅಲೆ ಸಾಗಿ ಉಳಿಕೆಯನ್ನು ಗುಡಿಸುತ್ತದೆ. ಜಠರದಿಂದ ಹೊರಡುವ ಅಲೆಗೆ ಮೋಟಿಲಿನ್ ಹಾರ್ಮೋನಿನ ಪ್ರಚೋದನೆ ಇರುತ್ತದೆ, ಊಟ ಮಾಡಿದರೆ ಅಲೆ ನಿಲ್ಲುತ್ತದೆ. ಇಲಿಗಳಲ್ಲಿ ಈ ಹಾರ್ಮೋನಿನ ಜೀನೇ ಕೆಟ್ಟಿದೆ, ಹಾಗಾಗಿ ಅವುಗಳಲ್ಲಿ ಮೋಟಿಲಿನ್‌ನ ಈ ಪಾತ್ರವನ್ನು ಪರೀಕ್ಷಿಸಲು ಆಗುವುದಿಲ್ಲ. ಎರಿಥ್ರೊಮೈಸಿನ್ ಆಂಟಿಬಯೋಟಿಕ್ ಅದೇ ಮೋಟಿಲಿನ್ ಗ್ರಾಹಕಕ್ಕೆ ಅಂಟುತ್ತದೆ. ಜಠರ ನಿಧಾನವಾದ ರೋಗಿಗಳಿಗೆ ವೈದ್ಯರು ಅದನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದು ಇದೇ ಕಾರಣಕ್ಕೆ.